ಫಲಿತಾಂಶ ಇಳಿದ ವರ್ಷ

ಅವಳನ್ನು ಶಾಲೆಯಲ್ಲಿ ಎಲ್ಲರೂ ಲೆಕ್ಕದ ಮಿಸ್ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದಾಗಿನಿಂದ ಅದೇ ಸಣ್ಣ ಶಾಲೆ, ಅದೇ ಏಳನೇ ತರಗತಿ. ಪಾಠ ಮಾಡುವುದೆಂದರೆ ಅವಳಿಗೆ ಪ್ರಾಣ. ಆದರೆ ಅಲ್ಲಿ ಮೇಲೇರಲು ಜಾಗವೇ ಇರಲಿಲ್ಲ. ಊರಿನ ದೊಡ್ಡ ಶಾಲೆಯಲ್ಲಿ ಗಣಿತದ ಹುದ್ದೆ ಖಾಲಿಯಿದೆ ಎಂದು ಶಿಕ್ಷಕರ ನೌಕರಿಯ ಜಾಲತಾಣದಲ್ಲಿ ಕಂಡಾಗ, ಅರ್ಜಿ ಹಾಕಿಯೇ ಬಿಡೋಣ ಅನ್ನಿಸಿತು.

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪ್ರೊಫೈಲ್ ಬರೆದಳು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಅತ್ತೆ ಕನ್ನಡಕ ಏರಿಸಿಕೊಂಡು ಓದಿದರು. ಶ್ರಮಜೀವಿ, ತಾಳ್ಮೆಯುಳ್ಳವಳು, ಮಕ್ಕಳನ್ನು ಪ್ರೀತಿಸುವವಳು ಎಂದೆಲ್ಲ ಇತ್ತು.

"ಇದನ್ನ ಪಕ್ಕದ್ಮನೆಯವಳೂ ಬರ್ಕೋಬಹುದು ಕಣೇ. ನೀನು ಮಾಡಿದ್ದು ಏನು ಅಂತ ಬರಿ" ಎಂದರು.

ಮಾಡಿದ್ದು ಏನು ಎಂದು ಯೋಚಿಸುತ್ತ ಕೂತರೆ ಸಾಕಷ್ಟಿತ್ತು. ಭಿನ್ನರಾಶಿಯ ಪಾಠವನ್ನು ಸೂತ್ರದಿಂದ ಶುರುಮಾಡುವ ಬದಲು ಕಾಗದದ ಪಟ್ಟಿ ಮಡಚುವುದರಿಂದ ಶುರುವಾಗುವಂತೆ ಹೊಸದಾಗಿ ಜೋಡಿಸಿದ್ದಳು. ಬೇರೆ ತರಗತಿಗಳ ಶಿಕ್ಷಕರೂ ಅದೇ ದಾರಿ ಹಿಡಿದಿದ್ದರು. ಅಳತೆಯ ಭಾಗದಲ್ಲಿ ವಿಜ್ಞಾನದ ಮೇಷ್ಟ್ರ ಕೈಯೂ ಇತ್ತು, ಅದನ್ನೂ ಮರೆಯದೆ ಸೇರಿಸಿದಳು. ಒಂದು ಪಾಠಯೋಜನೆಯನ್ನು ಲಗತ್ತಿಸಿದಳು. ವರ್ಷವಾರು ಫಲಿತಾಂಶ ಹಾಕುವಾಗ ಮಾತ್ರ ಕೈ ತಡೆಯಿತು.

ಹಿಂದಿನ ವರ್ಷ ತರಗತಿಯ ಸರಾಸರಿ ದಡಕ್ಕನೆ ಇಳಿದಿತ್ತು. ಹತ್ತಿರದ ಶಾಲೆಯೊಂದು ಮುಚ್ಚಿ, ಅಲ್ಲಿನ ಮಕ್ಕಳು ನಡುವರ್ಷದಲ್ಲಿ ಇವಳ ತರಗತಿಗೆ ಬಂದಿದ್ದರು. ಎಷ್ಟೋ ಮಕ್ಕಳಿಗೆ ಭಾಗಾಕಾರವೇ ಬರುತ್ತಿರಲಿಲ್ಲ.

ಆ ವರ್ಷವನ್ನು ಬಿಟ್ಟುಬಿಡು, ಯಾರು ಕೇಳುತ್ತಾರೆ ಎಂದ ಗಂಡ. ಕೊನೆಯ ವರ್ಷವೇ ಮಾಯವಾದರೆ ಎಲ್ಲರೂ ಅದನ್ನೇ ಕೇಳುತ್ತಾರೆ ಎಂದು ಅತ್ತೆ ಮಗನ ಬಾಯಿ ಮುಚ್ಚಿಸಿದರು.

ಅವಳು ಇಳಿದ ಸರಾಸರಿಯನ್ನು ಹಾಗೆಯೇ ಹಾಕಿದಳು. ಕಾರಣವನ್ನು ಎರಡು ಸಾಲಿನಲ್ಲಿ ಬರೆದಳು. ಕೆಳಗೆ, ಹೊಸ ಮಕ್ಕಳು ಬಂದಾಗ ಕೊಟ್ಟಿದ್ದ ಪರೀಕ್ಷೆಯ ಅಂಕವನ್ನೂ ಅದೇ ಮಟ್ಟದ ವರ್ಷಾಂತ್ಯದ ಪರೀಕ್ಷೆಯ ಅಂಕವನ್ನೂ ಅಕ್ಕಪಕ್ಕ ಇಟ್ಟಳು. ಮಕ್ಕಳ ಹೆಸರು ಎಲ್ಲೂ ಬರದಂತೆ ನೋಡಿಕೊಂಡಳು. ಹೆಚ್ಚುಕಡಿಮೆ ಎಲ್ಲರೂ ಮೇಲೆ ಬಂದಿದ್ದರು, ಇಬ್ಬರು ಮಾತ್ರ ಇದ್ದಲ್ಲೇ ಇದ್ದರು. ಅದನ್ನೂ ಮುಚ್ಚಿಡಲಿಲ್ಲ.

ಶಿಫಾರಸಿಗೆ ತನ್ನ ಹೆಡ್‌ಮಿಸ್ ಹೆಸರು ಕೊಡಬೇಕಿತ್ತು. ಕೇಳಲು ಅವರ ಕೋಣೆಗೆ ಹೋದಳು. ಹೆಡ್‌ಮಿಸ್, ನೀನು ಹೋದರೆ ನನಗೆ ಕೈ ಮುರಿದಂತಾಗುತ್ತೆ, ಆದರೂ ಒಳ್ಳೆಯ ಮಾತೇ ಹೇಳುತ್ತೇನೆ ಎಂದು ನಕ್ಕರು.

ವಾರದೊಳಗೆ ಸಂದರ್ಶನಕ್ಕೆ ಕರೆ ಬಂತು. ದೊಡ್ಡ ಶಾಲೆಯ ಪ್ರಾಂಶುಪಾಲರು ಮೊದಲು ತಮ್ಮ ತರಗತಿಯೊಂದಕ್ಕೆ ಮಾದರಿ ಪಾಠ ಮಾಡಲು ಹೇಳಿ, ಗಣಿತ ವಿಭಾಗದ ಮುಖ್ಯಸ್ಥರ ಜೊತೆ ಹಿಂದಿನ ಬೆಂಚಿನಲ್ಲಿ ಕೂತರು. ಅವಳು ಬೋರ್ಡಿನ ಮೇಲೆ ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ ಎಷ್ಟು ಎಂದು ಬರೆದಳು. ಮುಂದಿನ ಸಾಲಿನ ಹುಡುಗಿ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ ಐದನೇ ಎರಡು ಎಂದಳು. ಲೆಕ್ಕದ ಮಿಸ್ ತಪ್ಪು ಎನ್ನಲಿಲ್ಲ. ಎಲ್ಲರಿಗೂ ಒಂದೇ ಉದ್ದದ ಎರಡೆರಡು ಕಾಗದದ ಪಟ್ಟಿ ಹಂಚಿ, ಒಂದರಲ್ಲಿ ಅರ್ಧ, ಇನ್ನೊಂದರಲ್ಲಿ ಐದನೇ ಎರಡು ಗುರುತು ಮಾಡಿ ಪಕ್ಕಪಕ್ಕ ಹಿಡಿಯಲು ಹೇಳಿದಳು.

ಹುಡುಗಿ ಪಟ್ಟಿಗಳನ್ನೇ ದಿಟ್ಟಿಸಿದಳು. "ಮಿಸ್, ಅರ್ಧಕ್ಕೆ ಇನ್ನೂ ಸೇರಿಸಿದೀವಿ, ಆದ್ರೆ ಅರ್ಧಕ್ಕಿಂತ ಕಮ್ಮಿ ಆಗೋಯ್ತಲ್ಲ?"

ತರಗತಿ ಗೊಳ್ಳೆಂದಿತು, ಆ ಹುಡುಗಿಯೂ ನಕ್ಕಳು. ಆಮೇಲೆ ಒಂದೇ ಗದ್ದಲ. ಪಟ್ಟಿಯನ್ನು ಆರು ಸಮಭಾಗ ಮಾಡಿದರೆ ಅರ್ಧವೂ ಮೂರನೇ ಒಂದೂ ಸರಿಯಾಗಿ ಕೂರುತ್ತವೆ, ಆರನೇ ಐದು ಬರುತ್ತದೆ ಎಂದು ಮಕ್ಕಳೇ ಕಂಡುಕೊಂಡರು. ಹಿಂದೆ ಯಾರೋ ಕೂತಿದ್ದಾರೆ ಎಂಬುದೇ ಲೆಕ್ಕದ ಮಿಸ್‌ಗೆ ಮರೆತುಹೋಗಿತ್ತು.

ಸಂದರ್ಶನದಲ್ಲಿ ಪ್ರಾಂಶುಪಾಲರು ಪ್ರೊಫೈಲ್ ತೆರೆದು, ಇಳಿದ ವರ್ಷದ ಮೇಲೆ ಬೆರಳಿಟ್ಟರು. ಆ ಇಬ್ಬರು ಮಕ್ಕಳ ಕಥೆ ಏನು ಎಂದು ಕೇಳಿದರು. ಒಬ್ಬನಿಗೆ ಬೋರ್ಡು ಸರಿಯಾಗಿ ಕಾಣುತ್ತಿರಲಿಲ್ಲ, ತನಗೆ ಅದು ತಡವಾಗಿ ಗೊತ್ತಾಯಿತು, ಈಗ ಕನ್ನಡಕ ಬಂದಿದೆ ಎಂದಳು. ಇನ್ನೊಬ್ಬಳು ಯಾಕೆ ಹಿಂದುಳಿದಳೋ ತನಗೆ ಇನ್ನೂ ತಿಳಿದಿಲ್ಲ ಎಂದೂ ಒಪ್ಪಿಕೊಂಡಳು.

ಮುಖ್ಯಸ್ಥರೂ ಪ್ರಾಂಶುಪಾಲರೂ ಮುಖ ಮುಖ ನೋಡಿಕೊಂಡರು.

"ನಮ್ಮಲ್ಲಿ ಮುಂದಿನ ವರ್ಷ ಹೊಸ ಸೆಕ್ಷನ್ ಶುರುವಾಗುತ್ತೆ" ಎಂದರು ಪ್ರಾಂಶುಪಾಲರು. "ಹತ್ತಾರು ಶಾಲೆಗಳಿಂದ ಮಕ್ಕಳು ಬರ್ತಾರೆ. ನೂರಕ್ಕೆ ನೂರು ತೋರಿಸಿದ ಅರ್ಜಿಗಳು ಬೇಕಾದಷ್ಟಿವೆ. ಇಂಥ ಮಕ್ಕಳನ್ನ ಮೇಲೆ ತಂದಿದ್ದು ಕಾಣಿಸಿದ್ದು ನಿಮ್ಮದರಲ್ಲಿ ಮಾತ್ರ. ಪಾಠದ ಜೊತೆ ಆರು, ಏಳನೇ ತರಗತಿಯ ಗಣಿತದ ಪಠ್ಯಕ್ರಮವನ್ನೂ ನೋಡ್ಕೋತೀರಾ?"

ಈ ವರ್ಷದ ಮಕ್ಕಳನ್ನು ನಡುನೀರಿನಲ್ಲಿ ಬಿಟ್ಟು ಬರಲಾರೆ, ವರ್ಷ ಮುಗಿಸಿಯೇ ಬರುತ್ತೇನೆ ಎಂದಳು. ಅವರು ಸಂತೋಷದಿಂದಲೇ ಒಪ್ಪಿದರು.

ಗೇಟಿನ ಹೊರಗೆ ಬಂದು ಮನೆಗೆ ಫೋನ್ ಮಾಡಿದಳು. ಅತ್ತೆಗೆ ವಿಷಯ ಹೇಳಲು ಹೋದರೆ ನಗು ಉಕ್ಕಿ ಮಾತೇ ಹೊರಡಲಿಲ್ಲ. ಆ ಕಡೆ ಅತ್ತೆಯೂ ಏನೂ ಕೇಳದೆ ನಗತೊಡಗಿದರು. ದಾರಿಯಲ್ಲಿ ಹೋಗುತ್ತಿದ್ದವರು ತಿರುಗಿ ತಿರುಗಿ ನೋಡಿದರು.