ತಗಡಿನ ತೂತಿನ ಬೆಳಕು

ಇಳಕಲ್ಲಿನ ಆ ಮನೆಯ ತಗಡಿನ ಮಾಡಿಗೆ ಒಂದು ತೂತು ಬಿದ್ದಿತ್ತು. ಸೂರ್ಯ ನೆತ್ತಿಗೆ ಬಂದಾಗ ಅದರಿಂದ ಒಂದು ಬಿಲ್ಲೆ ಬೆಳಕು ಇಳಿದು, ಮೊದಲು ಒಲೆಯ ಕಟ್ಟೆಯ ಮೇಲೆ ಕೂತು, ಆಮೇಲೆ ಯಾವ ಅವಸರವೂ ಇಲ್ಲದೆ ಮಗ್ಗದ ಕಡೆಗೆ ಸರಿಯುತ್ತಿತ್ತು. ನಾಹಿದಾ ಗೋಡೆಗೆ ಒರಗಿ ಅದನ್ನೇ ನೋಡುತ್ತ ಕೂತಿರುತ್ತಿದ್ದಳು. ನಿದ್ದೆಯೋ ಎಚ್ಚರವೋ ಅವಳಿಗೇ ತಿಳಿಯುತ್ತಿರಲಿಲ್ಲ.

ಆ ತೂತು ಮಾಡಿದ್ದು ಕುಕ್ಕರಿನ ಮುಚ್ಚಳ. ಮುಚ್ಚಳ ಮೇಲೆ ಹಾರಿತು, ಕುದಿಯುತ್ತಿದ್ದದ್ದು ನಾಹಿದಾಳ ಬಲಗೈ ಮೇಲೆ ಬಿತ್ತು. ಸದ್ದು ಅವಳಿಗೆ ನೆನಪಿಲ್ಲ. ನೆನಪಿರುವುದು ಬಿಳಿ ಮಾತ್ರ. ಮನೆ, ಮಗ್ಗ, ಗಂಡನ ಮುಖ ಎಲ್ಲ ಬಿಳಿಯೊಳಗೆ ಕರಗಿಹೋದದ್ದು, ಅದರೊಳಗಿಂದ ಯಾರೋ ಅವಳದೇ ದನಿಯಲ್ಲಿ ಕೂಗಿದ್ದು. ದವಾಖಾನೆಯಿಂದ ಬಂದ ಮೇಲೂ ಕಣ್ಣು ಮುಚ್ಚಿದರೆ ಅದೇ ಬಿಳಿ.

ಹೆಬ್ಬೆರಳು, ತೋರುಬೆರಳು ಸೆಟೆದು ನಿಂತವು. ಅವು ಬರೀ ಬೆರಳಲ್ಲ. ಸೀರೆಯ ಮೈಯ ಎಳೆಗೂ ಸೆರಗಿನ ರೇಷ್ಮೆಯ ಎಳೆಗೂ ಒಂದೊಂದಾಗಿ ಕೊಂಡಿ ಹಾಕುವ ಬೆರಳು. ಆ ಓಣಿಯಲ್ಲಿ ನಾಹಿದಾ ಹಾಕಿದ ಕೊಂಡಿಯಲ್ಲಿ ಗಂಟು ಎಲ್ಲಿದೆ ಎಂದು ಹುಡುಕಿ ಸೋತವರೇ ಹೆಚ್ಚು. ಈಗ ಗಂಡ ಮುಜಮ್ಮಿಲ ಬೇರೆಯವರನ್ನು ಕರೆದು ಕೊಂಡಿ ಹಾಕಿಸುತ್ತಿದ್ದ. ಅವರು ತನ್ನ ಜಾಗದಲ್ಲಿ ಕೂತಾಗ ನಾಹಿದಾ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದು. ಅಂದು ಕುಕ್ಕರಿನಲ್ಲಿ ಇದ್ದದ್ದು ಊಟದ ಅನ್ನವಲ್ಲ, ನೂಲಿಗೆ ಹಾಕುವ ಗಂಜಿ. ನೇಕಾರರ ಮನೆಯಲ್ಲಿ ಅಡುಗೆಯ ಪಾತ್ರೆ ಯಾವುದು, ಮಗ್ಗದ ಪಾತ್ರೆ ಯಾವುದು ಎಂದು ಯಾರು ಗೆರೆ ಎಳೆದಿದ್ದಾರೆ? ಗಂಜಿಗೆ ಬೇರೆ ಗಡಿಗೆ ಇತ್ತು ನಿಜ. ಆದರೆ ಕುಕ್ಕರಿನಲ್ಲಿ ಅಕ್ಕಿ ಬೇಗ ಕರಗುತ್ತದೆ ಎಂದು ಅವಳೇ ಶುರು ಮಾಡಿದ್ದಳು. ಮಾಡಿಗೆ ತೇಪೆ ಹಾಕಲು ಮುಜಮ್ಮಿಲ ನಿಚ್ಚಣಿಕೆ ತಂದಾಗ ಅತ್ತೆ ಕಾಸಿಂಬಿ ತಡೆದಿದ್ದಳು.

"ಇರಲಿ ಬಿಡು. ಆಕಿ ನೋಡ್ಲಿ. ತಾ ಏನ್ ಮಾಡೇನಿ ಅಂತ ನೆನಪಿರ್ಲಿ."

ಅತ್ತೆಯದು ಕೆಟ್ಟ ಮನಸ್ಸಲ್ಲ, ಕೆಟ್ಟ ನಾಲಿಗೆ. ಆದರೆ ಸುಟ್ಟ ಗಾಯಕ್ಕೆ ಅಷ್ಟು ಸಾಕು.

ಕುಕ್ಕರನ್ನು ಗುಜರಿಗೆ ಹಾಕದೆ ಹಳೆ ಸೀರೆಯಲ್ಲಿ ಸುತ್ತಿಟ್ಟವನು ಮುಜಮ್ಮಿಲ. ಯಾರೋ ಹೇಳಿದರೆಂದು ಅವನು ಬಾಗಲಕೋಟೆಗೆ ಹೋಗಿ, ವಕೀಲರಾದ ಬಸವೇಶ್ವರಿಯವರ ಮೂಲಕ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಹಾಕಿಸಿದ್ದ. ಕುಕ್ಕರ್ ಮಾಡಿದ ಕಂಪನಿಯ ಮೇಲೆ, ಮಾರಿದ ಅಂಗಡಿಯ ಕಾಶಪ್ಪನ ಮೇಲೆ. "ಅಡುಗೆ ಮಾಡುವಾಗ" ಎಂದು ಬರೆಸಿದವನೂ ಅವನೇ. ಆಯೋಗ ಆ ಕುಕ್ಕರನ್ನು ಮುಚ್ಚಳ, ಸೀಟಿ ಸಮೇತ ಸೀಲು ಮಾಡಿ ಲ್ಯಾಬಿಗೆ ಕಳಿಸಿತು.

ಪ್ರಮಾಣಪತ್ರಕ್ಕೆ ಸಹಿ ಮಾಡಲು ನಾಹಿದಾ ಹೋಗಬೇಕಾಯಿತು. ಬಸ್ಸು ಹುನಗುಂದ ದಾಟಿದ ಮೇಲೆ ಅವಳಿಗೆ ಮಂಪರು ಕವಿಯಿತು. ಬಾಗಲಕೋಟೆ ಹತ್ತಿರ, ಹಳೆಯ ಓಣಿಗಳನ್ನು ಮುಳುಗಿಸಿದ ಅಣೆಕಟ್ಟಿನ ಹಿನ್ನೀರು ಕಂಡಾಗ, ನೀರಿನ ಕೆಳಗಿನ ಮನೆಗಳಲ್ಲಿ ಇನ್ನೂ ಒಲೆ ಉರಿಯುತ್ತಿರಬಹುದು, ಅಲ್ಲಿ ಕುದಿಯುವುದು ಯಾರ ಕೈಯನ್ನೂ ಸುಡಲಿಕ್ಕಿಲ್ಲ ಎನಿಸಿತು. ಹಾಗೆಂದುಕೊಂಡು ಅವಳು ಒಬ್ಬಳೇ ನಕ್ಕಳು.

ನವನಗರದ ಆಫೀಸಿನಲ್ಲಿ ಬಸವೇಶ್ವರಿ ಓದುತ್ತ ಹೋದರು. "ಮನೆಯವರ ಊಟಕ್ಕೆಂದು ಅನ್ನಕ್ಕಿಟ್ಟಾಗ..."

"ಮೇಡಂ," ಎಂದಳು ನಾಹಿದಾ. "ಅದು ಅನ್ನ ಅಲ್ರಿ. ನೂಲಿನ ಗಂಜಿ."

ಮುಜಮ್ಮಿಲ ಗಾಬರಿಯಾದ. "ಏ ನಾಹಿದಾ! ಸುಮ್ನ ಕೂಡು. ಕೇಸ ಹೋಗಿಬಿಡ್ತದ."

"ಹೋದ್ರ ಹೋಗ್ಲಿ. ತಪ್ಪು ನಂದ ಇದ್ರ ನಂದ ಅಂತಾದ್ರೂ ಗೊತ್ತಾಗ್ಲಿ. ದಿನಾ ಆ ತೂತು ನೋಡ್ಕೋತ ಕುಂಡ್ರಾಕ ನನ್ ಕೈಲೆ ಆಗೂದಿಲ್ಲ."

ವಕೀಲರು ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. "ಗಂಜಿ ಯಾತರದ್ರಿ?"

"ಅಕ್ಕಿದು."

"ಅಕ್ಕಿ, ನೀರು. ಮತ್ತ ಬ್ಯಾರೆ ಏನರ? ಸೀಟಿ ಬದಲ ಮಾಡಿದ್ರಿ? ವಾಲ್ವ ತಗದಿದ್ರಿ?"

"ಇಲ್ರಿ. ಏನೂ ಮುಟ್ಟಿಲ್ಲ."

"ಹಂಗಿದ್ರ ಖರೇನ ಬರೀತೇನಿ. ಹೊಟ್ಟಿಗೆ ಹೊಂಟೇನೋ ನೂಲಿಗೆ ಹೊಂಟೇನೋ ಅಂತ ಅಕ್ಕಿಗೇನ ಗೊತ್ತಿರ್ತದ್ರಿ?"

ಆ ಮಾತಿಗೆ ನಾಹಿದಾಳ ಕಣ್ಣು ತುಂಬಿ ಬಂತು. ಅಷ್ಟು ದಿನದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ.

ಕಂಪನಿಯ ವಕೀಲರಿಗೆ ಹಬ್ಬವಾಯಿತು. ವಾದದ ದಿನ ಅವರು ಎದ್ದು ನಿಂತು, ಗ್ರಾಹಕಿ ತಾನೇ ಒಪ್ಪಿದ್ದಾರೆ, ಮನೆಯ ಅಡುಗೆಯ ಪಾತ್ರೆಯನ್ನು ಕಸುಬಿಗೆ ಬಳಸಿದ್ದಾರೆ, ಸೀಟಿಯ ಕೊಳವೆಯಲ್ಲಿ ಗಂಜಿ ಕಟ್ಟಿಕೊಂಡಿತ್ತೆಂದು ಲ್ಯಾಬಿನ ವರದಿಯೇ ಹೇಳುತ್ತದೆ, ಇದು ತಪ್ಪು ಬಳಕೆ ಎಂದರು. ಅವರ ದನಿ ದೂರದ ಬಾವಿಯೊಳಗಿಂದ ಬಂದಂತೆ ನಾಹಿದಾಳಿಗೆ ಕೇಳಿಸಿತು. ಕೋಣೆಯ ಅಂಚುಗಳು ಬೆಳ್ಳಗಾಗತೊಡಗಿದವು. ಹಾಗಾದರೆ ಅತ್ತೆ ಹೇಳಿದ್ದೇ ನಿಜ, ಎಂದುಕೊಂಡಳು.

ಪಕ್ಕದ ಬೆಂಚಿನಲ್ಲಿದ್ದ ಕಾಶಪ್ಪ ಮೆಲ್ಲಗೆ ನೀರಿನ ಬಾಟ್ಲಿ ಸರಿಸಿದ. ಕಾಗದದ ಮೇಲೆ ಅವನು ಎದುರಾಳಿ. ಇಳಕಲ್ಲಿನಲ್ಲಿ ಅವನು ಅವಳಿಗೆ ಕಾಶಪ್ಪಣ್ಣ.

ಬಸವೇಶ್ವರಿ ಎದ್ದರು. ಆ ಕುಕ್ಕರಿನ ಜೊತೆ ಕಂಪನಿಯೇ ಕೊಟ್ಟ ಪುಸ್ತಿಕೆಯನ್ನು ಆಯೋಗದ ಅಧ್ಯಕ್ಷರ ಮುಂದಿಟ್ಟರು. ಅಧ್ಯಕ್ಷರು ಕನ್ನಡಕ ಏರಿಸಿ ಓದಿ, ಕಂಪನಿಯ ವಕೀಲರತ್ತ ತಿರುಗಿದರು.

"ಕೊಳವಿ ಕಟ್ಟಿಕೊಂಡ್ರ ಸೇಫ್ಟಿ ವಾಲ್ವ್ ಕರಗಿ ಉಗಿ ಹೊರಗ ಬಿಡ್ತದ ಅಂತ ನೀವ ಬರದೀರಲ್ರಿ. ಹೌದಿಲ್ಲೋ?"

"ಹೌದು, ಸ್ವಾಮಿ."

"ಕೊಳವಿ ಕಟ್ಟಿತ್ತು. ವಾಲ್ವ್ ಯಾಕ ಕರಗಲಿಲ್ಲ?"

ಉತ್ತರ ಲ್ಯಾಬಿನ ವರದಿಯಲ್ಲೇ, ವಕೀಲರು ಓದದೆ ಬಿಟ್ಟ ಭಾಗದಲ್ಲಿತ್ತು. ಆ ವಾಲ್ವನ್ನು ಪರೀಕ್ಷೆಗೆ ಹಚ್ಚಿದಾಗ, ಅದು ಬಿಟ್ಟುಕೊಳ್ಳಬೇಕಾದ ಒತ್ತಡ ದಾಟಿ ಎಷ್ಟು ಏರಿಸಿದರೂ ಬಿಟ್ಟುಕೊಳ್ಳಲಿಲ್ಲ. ಒಳಗೆ ತುಂಬಿದ್ದು ನಿಗದಿಪಡಿಸಿದ, ಬೇಗ ಕರಗುವ ಲೋಹವೇ ಆಗಿರಲಿಲ್ಲ. ಅಧ್ಯಕ್ಷರು ಅದನ್ನು ಗಟ್ಟಿಯಾಗಿ ಓದಿದರು. ನಾಹಿದಾ ಒಂದೊಂದೇ ಶಬ್ದವನ್ನು ಎಳೆಯಂತೆ ಹಿಡಿದು ಕೇಳಿದಳು. ಕೋಣೆಗೆ ಮತ್ತೆ ಬಣ್ಣ ಬಂತು.

ಕೆಲವು ವಾರಗಳ ಮೇಲೆ ಆದೇಶ ಬಂತು. ತಯಾರಿಕೆಯಲ್ಲೇ ದೋಷವಿತ್ತು, ಕಂಪನಿಯೇ ಹೊಣೆ, ಚಿಕಿತ್ಸೆಗೂ ಹೋದ ದುಡಿಮೆಗೂ ಪರಿಹಾರ ಕೊಡಬೇಕು. ಕಾಶಪ್ಪ ಬಿಲ್ಲು ಕೊಟ್ಟು ಕಂಪನಿ ಯಾವುದೆಂದು ತೋರಿಸಿದ್ದ, ಕುಕ್ಕರಿಗೆ ಕೈ ಹಚ್ಚಿ ಏನೂ ಬದಲಿಸಿರಲಿಲ್ಲ. ಹಾಗಾಗಿ ಅವನನ್ನು ಬಿಟ್ಟಿದ್ದರು. ಮುಜಮ್ಮಿಲ ಮಗ್ಗದ ಪಕ್ಕ ನಿಂತು ಓದಿದ. ಒಂದು ಸಾಲನ್ನು ಕಾಸಿಂಬಿ ಮತ್ತೆ ಓದಿಸಿದಳು. ಅನ್ನವೋ ಗಂಜಿಯೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ, ದೂರುದಾರಳ ಕಡೆಯಿಂದ ತಪ್ಪು ಬಳಕೆ ಆಗಿಲ್ಲ.

ಕಾಸಿಂಬಿ ತಲೆಯೆತ್ತಿ ಮಾಡಿನ ತೂತನ್ನು ನೋಡಿದಳು. ಸೊಸೆಯ ಮುಖ ನೋಡಲಿಲ್ಲ. ಆಮೇಲೆ ಮಗನನ್ನು ಗದರಿಸಿದಳು.

"ಮಳಿಗಾಲ ಬಂತು, ಇನ್ನೂ ಆ ತೂತು ಹಂಗ ಬಿಟ್ಟೀದಿ. ನಿಚ್ಚಣಿಕಿ ತಗೊಂಡ ಬಾ. ನಾನ ಹಿಡೀತೇನಿ."

ಕ್ಷಮೆ ಕೇಳುವುದು ಆ ನಾಲಿಗೆಗೆ ಬರುತ್ತಿರಲಿಲ್ಲ. ಬರುವುದು ಇಷ್ಟೇ ಎಂದು ನಾಹಿದಾಳಿಗೆ ಗೊತ್ತಿತ್ತು. ಅವಳು ಎದ್ದು ಹೋಗಿ ತನ್ನ ಹಳೆಯ ಜಾಗದಲ್ಲಿ ಕೂತಳು. ಬೆಳಕಿನ ಬಿಲ್ಲೆ ಆಗಷ್ಟೇ ಸೆರಗಿನ ಎಳೆಗಳ ಮೇಲೆ ಬಂದಿತ್ತು. ಸೆಟೆದ ಬೆರಳಲ್ಲಿ ಒಂದು ಎಳೆ ಹಿಡಿದಳು. ಜಾರಿತು. ಮತ್ತೆ ಹಿಡಿದಳು. ನೋವಾಯಿತು, ಆದರೆ ಎಳೆ ನಿಂತಿತು.

"ತೇಪಿ ಬ್ಯಾಡ ಅಮ್ಮಾ," ಎಂದಳು. "ಅಲ್ಲಿ ಒಂದ್ ಗಾಜ ಕೂಡ್ಸಾಕ ಹೇಳ್ರಿ. ಕೊಂಡಿ ಹಾಕಾಕ ನನಗ ಬೆಳಕ ಬೇಕು."