ವೈಫೈ ಆಫ್ ಮಾಡಿ ನೋಡಬೇಕಿತ್ತು

ನನಗೆ ಬಾಯಿ ಜಾಸ್ತಿ ಎಂದು ನನ್ನ ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ಹನ್ನೆರಡು ವರ್ಷದಿಂದ ಮನೆಮನೆಗೆ ಹೋಗಿ ಕ್ಯಾಮೆರಾ, ರೂಟರ್ ಹಾಕುತ್ತಿದ್ದೇನೆ. ಗಿರಾಕಿ ಫೋನಿನಲ್ಲಿ "ಬರ್ತಿಲ್ಲ" ಅನ್ನುವಷ್ಟರಲ್ಲೇ ತಪ್ಪು ಅವರದೇ ಎಂದು ನಾನು ತೀರ್ಮಾನ ಮಾಡಿರುತ್ತೇನೆ. ಪ್ಲಗ್ ಹಾಕಿರುವುದಿಲ್ಲ, ಪಾಸ್‌ವರ್ಡ್ ಮರೆತಿರುತ್ತಾರೆ, ಮಕ್ಕಳು ವೈರ್ ಎಳೆದಿರುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ನನ್ನ ಮಾತೇ ನಿಜವಾಗುತ್ತದೆ. ಅದೇ ನನ್ನನ್ನು ಹಾಳು ಮಾಡಿದ್ದು.

ನಾನು ಕ್ಯಾಮೆರಾ ಹಾಕಿದ ಆ ಮನೆಯಲ್ಲಿ ಇದ್ದವರು ಇಬ್ಬರೇ. ಗಂಡ ಬಸ್ ಓಡಿಸುತ್ತಿದ್ದವನು, ಮೂರ್ಛೆ ರೋಗ ಬಂದಮೇಲೆ ಸ್ಟೇರಿಂಗ್ ಬಿಟ್ಟು ಮನೆಯಲ್ಲಿ ಕೂತಿದ್ದ. ಹೆಂಡತಿ ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಗೆ ಕೆಲಸದವಳು. ಅವಳು ಕೆಲಸಕ್ಕೆ ಹೋದಾಗ ಅವನಿಗೆ ಫಿಟ್ಸ್ ಬಂದರೆ ನೋಡುವವರಿಲ್ಲ. "ಊಟದ ಬಿಡುವಲ್ಲಿ ಒಂದ್ಸಲ, ಟೀ ಬಿಡುವಲ್ಲಿ ಒಂದ್ಸಲ ಅವರ ಮುಖ ನೋಡಿದ್ರೆ ಸಾಕಣ್ಣ, ಏನಾದ್ರೂ ಆದ್ರೆ ಎದುರುಮನೆಯೋರಿಗೆ ಫೋನ್ ಮಾಡ್ತೀನಿ" ಎಂದಿದ್ದಳು. ಎದುರುಮನೆಯವರ ಹತ್ತಿರ ಬೀಗದ ಕೈ ಕೊಟ್ಟಿದ್ದಳು. ಎಲ್ಲವನ್ನೂ ಯೋಚಿಸಿದ್ದಳು ಪಾಪ.

ಇಂಟರ್‌ನೆಟ್ ಕಂಪನಿಯವರು ಕೊಟ್ಟ ಮೋಡೆಮ್ ಮುಂದಿನ ಕೋಣೆಯಲ್ಲಿತ್ತು. ಗಂಡ ಮಲಗುವುದು ಹಿಂದಿನ ಕೋಣೆಯಲ್ಲಿ, ಅಲ್ಲಿಗೆ ವೈಫೈ ಮುಟ್ಟುತ್ತಿರಲಿಲ್ಲ. ಅವಳ ತಮ್ಮ ಒಂದು ರೂಟರ್ ಕೊಟ್ಟಿದ್ದ. ಮೋಡೆಮ್‌ನಿಂದ ಅದಕ್ಕೆ ವೈರ್ ಎಳೆದು, ಹಿಂದಿನ ಕೋಣೆಯಲ್ಲಿ ಇಟ್ಟು, ಕ್ಯಾಮೆರಾವನ್ನು ಅದಕ್ಕೆ ಸೇರಿಸಿದೆ. ಹೊರಗಿನಿಂದ ಯಾರಾದರೂ ಕರೆದರೆ ಕ್ಯಾಮೆರಾದ ಕಡೆಗೆ ಕಳಿಸು ಎಂದು ರೂಟರ್‌ನಲ್ಲಿ ಬರೆದೆ. ನಾವು ಅದಕ್ಕೆ ಪೋರ್ಟ್ ಫಾರ್ವರ್ಡ್ ಎನ್ನುತ್ತೇವೆ. ಕಂಪನಿ ಆ ಮನೆಗೆ ಇಂಟರ್‌ನೆಟ್‌ನಲ್ಲಿ ವಿಳಾಸದ ಹಾಗೆ ನಡೆಯುವ, ಬದಲಾಗದ ಒಂದು ನಂಬರ್ ಕೊಟ್ಟಿತ್ತು, ಅದನ್ನು ಅವಳ ಫೋನಿನ ಆ್ಯಪ್‌ಗೆ ಹಾಕಿದೆ. ಆ್ಯಪ್ ತೆರೆದೆ. ಮಂಚ, ಕಿಟಕಿ, ಮಂಚದ ಮೇಲೆ ಕೂತು ನಗುತ್ತಿದ್ದ ಡ್ರೈವರ್ ಎಲ್ಲ ಕಂಡವು. "ನೋಡಿ, ಸಿನಿಮಾ ಥರ ಬರ್ತಿದೆ" ಎಂದು ಜಂಬ ಕೊಚ್ಚಿಕೊಂಡು ಹೊರಟೆ.

ಅವಳ ಫೋನ್ ಆಗ ಆ ಮನೆಯ ವೈಫೈನಲ್ಲೇ ಇತ್ತು. ಮನೆಯೊಳಗಿದ್ದರೆ ಆ ಆ್ಯಪ್ ಹೊರಗೆ ಹೋಗುವುದೇ ಇಲ್ಲ, ಪಕ್ಕದಲ್ಲೇ ಇರುವ ಕ್ಯಾಮೆರಾವನ್ನು ನೇರವಾಗಿ ಹಿಡಿಯುತ್ತದೆ. ಕಲಿಯುವಾಗಲೇ ನಮಗೆ ಹೇಳಿಕೊಡುವ ಮಾತು: ವೈಫೈ ಆಫ್ ಮಾಡಿ, ಸಿಮ್ಮಿನ ನೆಟ್‌ನಲ್ಲಿ ನೋಡು. ಮುಂದಿನ ಮನೆಯವನು ಕಾಯುತ್ತಿದ್ದ. ನಾನು ನೋಡಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಫೋನ್ ಬಂತು. "ಅಣ್ಣಾ, ಬರೀ ಸುತ್ತುತ್ತಿದೆ, ಫೋಟೊ ಬರ್ತಿಲ್ಲ."

"ಮನೇಲಿ ಬರುತ್ತೋ ಇಲ್ವೋ?"

"ರಾತ್ರಿ ಮನೇಲಿ ಚೆನ್ನಾಗಿ ಬಂತು."

"ಮತ್ತೆ? ನಿಮ್ಮ ಫ್ಯಾಕ್ಟರೀಲಿ ನೆಟ್ ಸರಿಯಿಲ್ಲ ಅಷ್ಟೆ. ತಗಡಿನ ಸೂರು ಅಲ್ವಾ."

ಮರುದಿನ ಮತ್ತೆ. ಅದರ ಮರುದಿನ, "ಬಸ್‌ಸ್ಟಾಪಲ್ಲೂ ಬರ್ಲಿಲ್ಲಣ್ಣ" ಎಂದಳು. ಇದಕ್ಕಿಂತ ಸರಿಯಾಗಿ ಕಾಯಿಲೆಯನ್ನು ಯಾರು ಹೇಳುತ್ತಾರೆ? ಒಳಗಿದ್ದರೆ ಬರುತ್ತದೆ, ಹೊರಗೆಲ್ಲೂ ಬರುವುದಿಲ್ಲ. ನನ್ನ ತಲೆಗೆ ಹೋಗಲಿಲ್ಲ. ನಾಲ್ಕನೆಯ ಸಲ ನಾನು ಏಣಿಯ ಮೇಲಿದ್ದೆ. "ಏನಮ್ಮಾ, ದಿನಾ ಇದೇ ರಾಮಾಯಣ? ಸಿಗ್ನಲ್ ಇರೋ ಕಡೆ ಹೋಗಿ ನೋಡ್ರೀ" ಎಂದು ರೇಗಿ ಫೋನ್ ಇಟ್ಟೆ.

ಮರುದಿನವೇ ಅವನಿಗೆ ಫಿಟ್ಸ್ ಬಂತು. ಮಂಚದ ಮೇಲೆ ಮಗುಚಿಕೊಂಡು, ಮುಖ ದಿಂಬಿಗೆ ಒತ್ತಿ ಬಿದ್ದಿದ್ದ. ಉಸಿರು ಪೂರ್ತಿ ನಿಂತಿರಲಿಲ್ಲ, ಆದರೆ ಮೆದುಳಿಗೆ ಗಾಳಿ ಸಾಲಲಿಲ್ಲವಂತೆ. ಸಂಜೆ ಅವಳು ಬಂದು ನೋಡುವ ತನಕ ಹಾಗೇ ಇದ್ದ.

ತಿಂಗಳಾದ ಮೇಲೆ ಅವನ ಅಕ್ಕ ಫೋನ್ ಮಾಡಿದಾಗಲೇ ನನಗೆ ವಿಷಯ ಗೊತ್ತಾದದ್ದು. "ಸೋಮವಾರದಿಂದ ಅವಳು ಕೆಲಸಕ್ಕೆ ಹೋಗ್ಬೇಕು. ನಾನಿರ್ತೀನಿ, ಆದ್ರೂ ಅವಳಿಗೆ ಕಾಣಬೇಕಂತೆ. ಬಂದು ಸರಿ ಮಾಡಿ."

ಹೋದೆ. ಹಿಂದಿನ ಕೋಣೆಯಲ್ಲಿ ಅವನನ್ನು ಮಂಚದ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಕಣ್ಣು ತೆರೆದಿತ್ತು, ನೋಟ ಎಲ್ಲೂ ನಿಲ್ಲುತ್ತಿರಲಿಲ್ಲ. ಅವಳು ಗಂಜಿ ತಿನ್ನಿಸುತ್ತಿದ್ದಳು. ನನ್ನ ಕಡೆ ತಿರುಗಿ "ಬನ್ನಿ ಅಣ್ಣ" ಎಂದಳು, ಏನೂ ಆಗದವಳಂತೆ.

ಲ್ಯಾಪ್‌ಟಾಪ್ ತೆರೆದು ರೂಟರ್‌ನ ಒಳಗೆ ನೋಡಿದೆ. ಹೊರಗಿನ ನಂಬರ್ ಇರಬೇಕಾದ ಜಾಗದಲ್ಲಿ ನೂರ ತೊಂಬತ್ತೆರಡು, ನೂರ ಅರವತ್ತೆಂಟರಿಂದ ಶುರುವಾಗುವ ನಂಬರ್. ಅದು ಮನೆಯೊಳಗೆ ಮಾತ್ರ ನಡೆಯುವ ನಂಬರ್. ಕಂಪನಿಯ ಮೋಡೆಮ್ ಬರೀ ಮೋಡೆಮ್ ಆಗಿರಲಿಲ್ಲ, ಅದರ ಹೊಟ್ಟೆಯಲ್ಲೇ ಇನ್ನೊಂದು ರೂಟರ್ ಕೆಲಸ ಮಾಡುತ್ತಿತ್ತು. ಹೊರಗಿನ ನಿಜವಾದ ನಂಬರ್ ತಾನಿಟ್ಟುಕೊಂಡು, ನಮ್ಮ ರೂಟರ್‌ಗೆ ಒಳನಂಬರ್ ಕೊಟ್ಟಿತ್ತು. ನಮ್ಮ ರೂಟರ್ ಕ್ಯಾಮೆರಾಕ್ಕೆ ಮತ್ತೊಂದು ಒಳನಂಬರ್ ಕೊಟ್ಟಿತ್ತು. ವಿಳಾಸ ಬದಲಾಯಿಸುವ ಕೆಲಸ ಎರಡೆರಡು ಸಲ ನಡೆಯುತ್ತಿತ್ತು. ನಮ್ಮ ಭಾಷೆಯಲ್ಲಿ ಡಬಲ್ ನ್ಯಾಟ್.

ಒಳಗಿನಿಂದ ಹೊರಗೆ ಹೋಗುವುದಕ್ಕೆ ಇದು ಅಡ್ಡಿಯಾಗುವುದಿಲ್ಲ. ಒಳಗಿನವರು ಏನನ್ನಾದರೂ ಕೇಳಿದರೆ ಎರಡೂ ಪೆಟ್ಟಿಗೆಗಳು ಗುರುತು ಮಾಡಿಕೊಂಡು ಉತ್ತರವನ್ನು ವಾಪಸ್ ತಲುಪಿಸುತ್ತವೆ. ಅದಕ್ಕೇ ಮನೆಯಲ್ಲಿ ವಿಡಿಯೋ, ಹಾಡು ಎಲ್ಲ ಸಲೀಸು. ಆದರೆ ಹೊರಗಿನಿಂದ ತಾನಾಗಿ ಬಂದ ಕರೆ ಮೊದಲು ಮುಟ್ಟುವುದು ಮೋಡೆಮ್ಮನ್ನು. ಇದು ಯಾರಿಗೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ, ಅಲ್ಲೇ ಬಿಸಾಕುತ್ತಿತ್ತು. ನಾನು ಹೇಳಿದ್ದು ಹಿಂದಿನ ಕೋಣೆಯ ರೂಟರ್‌ಗೆ ಮಾತ್ರ. ಅವಳು ಫ್ಯಾಕ್ಟರಿಯಿಂದ ಅಷ್ಟು ಸಲ ಕರೆದಳಲ್ಲ, ಒಂದು ಕರೆಯೂ ಅದರ ತನಕ ಬಂದಿರಲಿಲ್ಲ.

ಕಂಪನಿಗೆ ಫೋನ್ ಮಾಡಿ ಯೂಸರ್‌ನೇಮ್, ಪಾಸ್‌ವರ್ಡ್ ತೆಗೆದುಕೊಂಡೆ. ಮೋಡೆಮ್ಮನ್ನು ಬ್ರಿಡ್ಜ್ ಮೋಡ್‌ಗೆ ಹಾಕಿದೆ. ಇನ್ನು ಅದು ಲೈನಿನಿಂದ ಬಂದದ್ದನ್ನು ಹಾಗೇ ದಾಟಿಸುತ್ತದೆ, ನಂಬರ್ ಹಂಚುವ ಯಜಮಾನಿಕೆ ಇಲ್ಲ. ಯೂಸರ್‌ನೇಮ್, ಪಾಸ್‌ವರ್ಡ್‌ಗಳನ್ನು ರೂಟರ್‌ಗೆ ಕೊಟ್ಟೆ. ಹೊರಗಿನ ನಂಬರ್ ನೇರವಾಗಿ ಅದಕ್ಕೇ ಬಂತು. ಇಷ್ಟೇ ಕೆಲಸ.

ಅವಳು ಬಟ್ಟಲು ಕೆಳಗಿಟ್ಟು ಕೇಳಿದಳು. "ಅಣ್ಣಾ, ಅವತ್ತು ಬಿಡುವಲ್ಲಿ ಗೇಟಿನ ತನಕ ಹೋಗಿದ್ರೆ ಸಿಗ್ನಲ್ ಸಿಗ್ತಿತ್ತಾ? ನೀವು ಹೇಳಿದ್ರಿ. ಸೂಪರ್‌ವೈಸರ್ ಬೈತಾರೆ ಅಂತ ನಾನೇ ಹೋಗ್ಲಿಲ್ಲ."

ತಿಂಗಳಿಡೀ ಅವಳು ಇದನ್ನು ಹೊತ್ತುಕೊಂಡು ತಿರುಗಿದ್ದಾಳೆ. ಗೊತ್ತಿಲ್ಲಮ್ಮ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ಬಾಯಿಗೂ ಬಂದಿತ್ತು.

"ಇಲ್ಲಮ್ಮ. ನೀವು ಎಲ್ಲಿಗೆ ಹೋಗಿದ್ರೂ ಕಾಣ್ತಿರಲಿಲ್ಲ. ನಿಮ್ಮ ನೆಟ್ ಸರಿಯಾಗೇ ಇತ್ತು. ನಾನು ಹಾಕಿದ್ದೇ ತಪ್ಪು. ಹೊರಗೆ ನಿಂತು ಒಂದ್ಸಲ ನೋಡಿದ್ರೆ ಅವತ್ತೇ ಗೊತ್ತಾಗ್ತಿತ್ತು, ನಾನು ನೋಡ್ಲಿಲ್ಲ."

ಅವನ ಅಕ್ಕ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇವಳು ಮಾತ್ರ ನನ್ನನ್ನೇ ನೋಡಿದಳು.

"ನಾಲ್ಕು ಸಲ ಫೋನ್ ಮಾಡಿದ್ದೆ."

"ಹೌದಮ್ಮ."

"ಬೈದ್ರಿ."

"ಹೌದು."

ಬೈದಿದ್ದರೆ, ಹೊಡೆದಿದ್ದರೆ ಕೂಡ ತಡೆದುಕೊಳ್ಳುತ್ತಿದ್ದೆ. ಅವಳು ಗಂಡನ ಗಲ್ಲ ಒರೆಸಿ, ಫೋನ್ ತೆಗೆದುಕೊಂಡು, ನನ್ನ ಕಣ್ಣೆದುರಿಗೇ ವೈಫೈ ಆಫ್ ಮಾಡಿ ಚಪ್ಪಲಿ ಮೆಟ್ಟಿ ರಸ್ತೆಗೆ ಹೋದಳು. ನಾನು ಮಂಚದ ಮುಂದೆ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ನನ್ನ ಫೋನ್ ಬಡಿದುಕೊಂಡಿತು.

"ಕಾಣ್ತಿದೆ" ಎಂದಳು. "ಪಕ್ಕಕ್ಕೆ ಸರೀರಿ. ನೀವು ಅಡ್ಡ ನಿಂತಿದ್ದೀರಿ, ಅವರ ಮುಖ ಕಾಣ್ತಿಲ್ಲ."