ಹಲ್ಲಿನ ಡಾಕ್ಟರ ಎರಡು ಗಂಟೆ

ಮಗಳ ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿ ಹಿಡಿದುಕೊಂಡಿದ್ದಾಗ ಫೋನ್ ಬಡಿದುಕೊಳ್ಳತೊಡಗಿತು. ತಾಯಿ ಕೆಲಸ ಮಾಡುವ ಪಾಡ್‌ಕಾಸ್ಟ್‌ನ ಎಡಿಟರ್. ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಇಷ್ಟು ಬೆಳಗ್ಗೆ ಫೋನ್ ಮಾಡುವವನಲ್ಲ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಹೋದ ವಾರ ಹಾಕಿದ್ವಲ್ಲ ಒಂಬತ್ತು ಕ್ಲಿಪ್ಪು, ಅದ್ರಲ್ಲಿ ನಾಲ್ಕನೇದು... ಭಾವಂದು."

"ಹೂಂ."

"ಅದ್ರ ಲಿಂಕ್ ತಪ್ಪಾಗಿದೆ. 'ಬೆಂಕಿ ಆರಿಸೋರನ್ನ ಹುಡುಕ್ಕೊಂಡು ಬಂದ್ರೆ ಹಲ್ಲು ಕೀಳೋರು ಸಿಕ್ರು' ಅಂತ ಜನ ಕಾಮೆಂಟಲ್ಲಿ ಆಡ್ಕೋತಿದಾರೆ. ನಾನೇ ಸರಿ ಮಾಡ್ಲಾ?"

"ಬೇಡಪ್ಪ. ನಾನೇ ಮಾಡ್ತೀನಿ."

ಮಗಳ ಕೂದಲು ಕೈಯಿಂದ ಜಾರಿತು. ಅವಳು ಲ್ಯಾಪ್‌ಟಾಪ್ ತೆರೆದಳು.

ಆಕೆಯ ಕೆಲಸವೇ ಅದು. ಎರಡು ಗಂಟೆಯ ಸಂಚಿಕೆಯಿಂದ ಎಡಿಟರ್ ನಿಮಿಷದ ತುಣುಕುಗಳನ್ನು ಕತ್ತರಿಸಿ ಕಳಿಸುತ್ತಾನೆ. ಯಾವ ತುಣುಕು ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ, ಅದರಲ್ಲಿ ಯಾವ ಮಾತಿದೆ ಎಂಬ ಪಟ್ಟಿಯೂ ಜೊತೆಗಿರುತ್ತದೆ. ಒಂದೊಂದಕ್ಕೂ ಶೀರ್ಷಿಕೆ, ವಿವರಣೆ, ನಾಲ್ಕಾರು ಟ್ಯಾಗ್ ಬರೆಯುವುದು ಆಕೆಯ ಪಾಲು. ಪುಟ್ಟ ವಿಡಿಯೋಗಳ ವಿವರಣೆಯಲ್ಲಿ ಲಿಂಕ್ ಅಂಟಿಸಿದರೂ ಒತ್ತಲು ಬರುವುದಿಲ್ಲ. ಅದಕ್ಕೇ ಇರುವ 'ಸಂಬಂಧಿತ ವಿಡಿಯೋ' ಎಂಬ ಜಾಗದಲ್ಲಿ ಪೂರ್ತಿ ಸಂಚಿಕೆಯನ್ನು ಆರಿಸಬೇಕು. ನೋಡುವವರು ಅದನ್ನು ಒತ್ತಿಯೇ ಅಲ್ಲಿಗೆ ಹೋಗುವುದು.

ಗಂಡ ಅಗ್ನಿಶಾಮಕ ವಾಹನದ ಚಾಲಕ. ಮೂರು ವರ್ಷದ ಹಿಂದೆ ಈ ಪಾಡ್‌ಕಾಸ್ಟ್‌ನಲ್ಲಿ ಕೂತು ಮಾತಾಡಿ ಬಂದಿದ್ದ. "ಪುರುಸೊತ್ತಾದಾಗ ನೋಡೇ" ಎಂದಿದ್ದ. ಪುರುಸೊತ್ತಾಗಲಿಲ್ಲ. ಹದಿನಾಲ್ಕು ತಿಂಗಳ ಹಿಂದೆ, ರಜೆಯ ದಿನ, ಬಟ್ಟೆ ಒಣಹಾಕುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಆಮೇಲೆ ನೋಡುವ ಮಾತೇ ಇರಲಿಲ್ಲ.

ಹಳೆಯ ಸಂಚಿಕೆಗಳನ್ನೂ ತುಣುಕು ಮಾಡೋಣವೆಂದು ಪಾಡ್‌ಕಾಸ್ಟ್‌ನವರು ಹೊರಟಾಗ ಅವನ ಸರದಿಯೂ ಬಂತು. ಅವಳು ಬೇಡವೆನ್ನಲಿಲ್ಲ. ಸದ್ದು ಪೂರ್ತಿ ಇಳಿಸಿ, ಒಂಬತ್ತನ್ನೂ ನಲವತ್ತು ನಿಮಿಷದಲ್ಲಿ ಮುಗಿಸಿದ್ದಳು. ಪಾತ್ರೆ ತೊಳೆದಿಟ್ಟ ಹಾಗೆ. ಅದರ ಹಿಂದಿನ ವಾರ ದಂತವೈದ್ಯರ ತುಣುಕುಗಳಿಗೆ ತುಂಬಿದ್ದ ವಿವರಗಳನ್ನೇ ನಕಲು ಮಾಡಿ ಮೇಲೆ ಮೇಲೆ ತಿದ್ದಿದ್ದಳು. ನಾಲ್ಕನೆಯದರಲ್ಲಿ ಸಂಬಂಧಿತ ವಿಡಿಯೋ ಬದಲಾಯಿಸುವುದು ಮರೆತಿತ್ತು, ಅಷ್ಟೆ.

ಈಗ ಬದಲಾಯಿಸಿದಳು. ಲಿಂಕ್ ಒತ್ತಿದರೆ ಸಂಚಿಕೆ ಮೊದಲಿನಿಂದ ಶುರುವಾಗುತ್ತದೆ. ಜನ ಎಲ್ಲಿ ಹುಡುಕುತ್ತಾರೆ? ಪಟ್ಟಿ ನೋಡಿದಳು. ತುಣುಕು ಮುಗಿಯುವುದು ೧:೧೨:೪೦ಕ್ಕೆ. ಕೇಳಿದ ಪ್ರಶ್ನೆಗೆ ಗಂಡನ ಉತ್ತರ ಬರುವ ಮುಂಚೆ ಎಡಿಟರ್ ಕತ್ತರಿಸಿದ್ದ, ಉಳಿದದ್ದಕ್ಕೆ ಜನ ಅಲ್ಲಿಗೇ ಬರಲಿ ಎಂದು. 'ಉತ್ತರ: ಪೂರ್ತಿ ಸಂಚಿಕೆಯ ೧:೧೨:೪೦ರಿಂದ' ಎಂದು ವಿವರಣೆಯಲ್ಲಿ ಸೇರಿಸಿ ಉಳಿಸಿದಳು.  

"ಹಲ್ಲಿನ ಡಾಕ್ಟರ್ ಹೋದ್ರಾ?" ಎಂದಳು ಹಿಂದೆ ನಿಂತಿದ್ದ ಮಗಳು. ಒಂದು ಜಡೆ, ಇನ್ನೊಂದು ಕಡೆ ಕೆದರಿದ ಕೂದಲು.

"ನಿಂಗೆ ಹೇಗೆ ಗೊತ್ತು?"

ಉತ್ತರ ಅಡುಗೆಮನೆಯಿಂದ ಬಂತು. "ನನ್ನ ಫೋನಲ್ಲಿ ನೋಡಿದಾಳೆ ಕಣೇ," ಎಂದರು ಅತ್ತೆ. "ಅಪ್ಪಂದು ಒಂದ್ನಿಮಿಷ ನೋಡೋದು, ಕೆಳಗೆ ಒತ್ತೋದು, ಆ ಡಾಕ್ಟರನ್ನ ಎರಡು ಗಂಟೆ ನೋಡೋದು. ಭಾನುವಾರ ಪೂರ್ತಿ ಅದೇ. ದೊಡ್ಡವಳಾದ್ಮೇಲೆ ಹಲ್ಲು ಕೀಳೋಕೆ ಹೋಗ್ತೀಯೇನೇ ಅಂತ ಕೇಳಿದ್ರೆ ಬಾಯೇ ಬಿಡಲ್ಲ."

ವಾರದಿಂದ ಮಗಳು ಗಡಿಯಾರ ನೋಡಿಕೊಂಡು ಎರಡು ನಿಮಿಷ ಹಲ್ಲುಜ್ಜುತ್ತಿದ್ದಳು. ಬ್ರಷ್ ನೆಟ್ಟಗೆ ಎಳೆಯಬಾರದು, ಸುತ್ತಬೇಕು ಎಂದು ಅಜ್ಜಿಗೇ ಪಾಠ ಹೇಳಿದ್ದಳು. ಶಾಲೆಯಲ್ಲಿ ಕಲಿಸಿರಬೇಕು ಎಂದುಕೊಂಡಿದ್ದಳು ತಾಯಿ.

"ಪೂರ್ತಿ ಯಾಕೆ ನೋಡ್ದೆ ಕಂದಾ?"

"ಅಪ್ಪ ಕೊನೇಲಿ ಬರ್ತಾರೆ ಅಂತ."

ತಾಯಿ ಬಾಚಣಿಗೆ ಎತ್ತಿಕೊಂಡಳು. ಕೂದಲನ್ನು ಮತ್ತೆ ಮೂರು ಪಾಲು ಮಾಡಿದಳು. ಒಂದರ ಮೇಲೊಂದು ಎರಡು ಸಲ ಹಾಕಿದಳು.  ಇಷ್ಟು ದಿನ ಮಗಳು ಅಪ್ಪನ ವಿಷಯ ಒಂದನ್ನೂ ಕೇಳಿದವಳಲ್ಲ. ಕೇಳಿದರೆ ಅಮ್ಮನಿಗೆ ಏನೋ ಆಗಿಬಿಡುತ್ತದೆ ಎಂದು ಮನೆಯಲ್ಲಿ ಯಾರೋ ಹೇಳಿಕೊಟ್ಟಿರಬೇಕು; ಅಥವಾ ತಾನೇ ಕಂಡುಕೊಂಡಿರಬೇಕು.

ಪರದೆಯ ಮೇಲೆ, ತುಣುಕು ಮುಗಿದಲ್ಲೇ, ಗಂಡ ಬಾಯಿ ಅರೆ ತೆರೆದು ಸ್ತಬ್ಧನಾಗಿದ್ದ. ಉತ್ತರ ಎಲ್ಲಿದೆ ಎಂದು ಸೆಕೆಂಡಿನ ಲೆಕ್ಕದಲ್ಲಿ ಅವಳಿಗೆ ಗೊತ್ತಿತ್ತು. ಏನೆಂದು ಗೊತ್ತಿರಲಿಲ್ಲ.

ಮಗಳು ತಿರುಗಿದಳು. ಜಡೆ ಮತ್ತೆ ಬಿಚ್ಚಿಕೊಂಡಿತು.

"ಅಮ್ಮಾ, ಬೆಂಕಿಗೆ ಭಯ ಇಲ್ಲ, ಒಂದೇ ಒಂದಕ್ಕೆ ಭಯ ಅಂತಾರಲ್ಲ ಅಪ್ಪ... ಅದು ಯಾವುದಕ್ಕೆ?"